ಹೇಳಿಕೆ ಹೇಳಿದ್ದೆಷ್ಟು, ತೀರ್ಮಾನ ಕೇಳುವುದೆಷ್ಟು

ರೈಲ್ವೆಯ ಎನ್‌ಟಿಪಿಸಿ ಪರೀಕ್ಷೆಯ ಪಠ್ಯಕ್ರಮದಲ್ಲಿ ‘ಹೇಳಿಕೆ–ತೀರ್ಮಾನ’ ಎಂದು ಹೆಸರು ಹಿಡಿದೇ ಒಂದು ಬಗೆಯ ಪ್ರಶ್ನೆಯನ್ನು ನಮೂದಿಸಿದ್ದಾರೆ. ಬ್ಯಾಂಕ್ ಪರೀಕ್ಷೆಗಳಲ್ಲಿ, ಎಸ್‌ಎಸ್‌ಸಿಯಲ್ಲಿ, ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ, ಯುಪಿಎಸ್‌ಸಿ 2011ರಲ್ಲಿ ತಂದ ಸಿಸ್ಯಾಟ್‌ನಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಒಂದೋ ಎರಡೋ ಸಾಲಿನ ಹೇಳಿಕೆ, ಕೆಳಗೆ ಎರಡು ತೀರ್ಮಾನಗಳು. ಆಯ್ಕೆಗಳೂ ಪರಿಚಿತವೇ: ಒಂದನೆಯದು ಮಾತ್ರ ಹೊರಡುತ್ತದೆ, ಎರಡನೆಯದು ಮಾತ್ರ, ಎರಡೂ, ಎರಡೂ ಇಲ್ಲ. ಐದು ಆಯ್ಕೆ ಕೊಡುವ ಬ್ಯಾಂಕ್ ಪರೀಕ್ಷೆಗಳಲ್ಲಿ ‘ಒಂದು ಅಥವಾ ಎರಡು’ ಎಂಬುದೂ ಸೇರುತ್ತದೆ.

ನೋಡಲು ಇಷ್ಟು ಸಣ್ಣದಾದ ಈ ಪ್ರಶ್ನೆಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಗಟ್ಟಿಯಾದವರು ಅಂಕ ಕಳೆದುಕೊಳ್ಳುತ್ತಾರೆ. ಸೀಟಿಂಗ್ ಅರೇಂಜ್‌ಮೆಂಟ್‌ನಲ್ಲಿ ತಪ್ಪಿದವನಿಗೆ ಎಲ್ಲಿ ತಪ್ಪಿದೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಇಲ್ಲಿ ಹಾಗಲ್ಲ. ಕೀ ಉತ್ತರ ನೋಡಿದ ಮೇಲೂ ‘ನನ್ನ ಉತ್ತರವೂ ಸರಿಯೇ ಇದೆಯಲ್ಲ’ ಅನಿಸುತ್ತದೆ. ಆ ಅನಿಸಿಕೆ ಉಳಿದಿರುವವರೆಗೆ ಎಷ್ಟು ಮಾಕ್ ಟೆಸ್ಟ್ ಬರೆದರೂ ಅಂಕ ಏರುವುದಿಲ್ಲ. ಹೇಳಿಕೆಯ ವಿಷಯ ನಮಗೆ ಗೊತ್ತಿರುವುದೇ ಇದಕ್ಕೆ ಕಾರಣ. ನೀರು, ತೆರಿಗೆ, ಶಾಲೆ, ಆಸ್ಪತ್ರೆ ಎಲ್ಲದರ ಬಗ್ಗೆಯೂ ನಮ್ಮ ತಲೆಯಲ್ಲಿ ಮೊದಲೇ ಒಂದಿಷ್ಟು ಅಭಿಪ್ರಾಯ ಇರುತ್ತದೆ. ಹೇಳಿಕೆ ಬಿಟ್ಟ ಜಾಗವನ್ನು ಅದು ನಮಗೆ ತಿಳಿಯದಂತೆ ತುಂಬಿಬಿಡುತ್ತದೆ. ತೀರ್ಮಾನ ಲೋಕದಲ್ಲಿ ನಿಜವೇ ಎಂದು ಪರೀಕ್ಷೆ ಕೇಳುತ್ತಿಲ್ಲ. ಹೇಳಿಕೆಯನ್ನು ನಿಜವೆಂದು ಒಪ್ಪಿದ ಮೇಲೆ ಈ ತೀರ್ಮಾನ ಸುಳ್ಳಾಗಲು ಎಡೆ ಉಳಿದಿದೆಯೇ ಎಂದಷ್ಟೇ ಕೇಳುತ್ತಿದೆ.

ತಂತ್ರಕ್ಕೆ ಹೋಗುವ ಮೊದಲು ಇದರ ದಾಯಾದಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದೇ ಹೇಳಿಕೆಯ ಕೆಳಗೆ ಊಹೆ, ತೀರ್ಮಾನ, ಕ್ರಮ ಯಾವುದನ್ನಾದರೂ ಕೇಳಬಹುದು. ಪಾಲಿಕೆಯ ಪ್ರಕಟಣೆಯೊಂದನ್ನು ತೆಗೆದುಕೊಳ್ಳಿ: ‘ಈ ತಿಂಗಳ 30ರೊಳಗೆ ಇಡೀ ವರ್ಷದ ಆಸ್ತಿ ತೆರಿಗೆ ಕಟ್ಟುವವರಿಗೆ ಶೇ 5 ರಿಯಾಯಿತಿ ಸಿಗುತ್ತದೆ.’ ರಿಯಾಯಿತಿ ಎಂದರೆ ಕೆಲವರಾದರೂ ಬೇಗ ಕಟ್ಟುತ್ತಾರೆ ಎಂದು ಪಾಲಿಕೆ ನಂಬಿದೆ. ಅದು ಊಹೆ, ಹೇಳಿಕೆಗಿಂತ ಮೊದಲೇ ಹೇಳಿದವರ ಮನಸ್ಸಿನಲ್ಲಿ ಇದ್ದದ್ದು. ಗಡುವಿನೊಳಗೆ ಇಡೀ ವರ್ಷದ ತೆರಿಗೆ ಕಟ್ಟಿದವರಿಗೆ ತೆರಿಗೆಯ ಹೊರೆ ಸ್ವಲ್ಪ ಇಳಿಯುತ್ತದೆ ಎಂಬುದು ತೀರ್ಮಾನ, ಹೇಳಿಕೆಯೊಳಗಿನಿಂದಲೇ ಹೊರಟದ್ದು. ಪಾಲಿಕೆ ಕೌಂಟರ್‌ಗಳ ಸಂಖ್ಯೆ ಹೆಚ್ಚಿಸಬೇಕು ಎಂಬುದು ಕ್ರಮ. ಒಂದು ಹೇಳಿಕೆಯ ಹಿಂದೆ ಇದೆ, ಒಂದು ಒಳಗೆ, ಇನ್ನೊಂದು ಮುಂದೆ. ಅವಸರದಲ್ಲಿ ಸೂಚನೆಯ ಸಾಲು ಓದದೆ ಬಿಟ್ಟವರು ಊಹೆಯನ್ನು ತೀರ್ಮಾನವೆಂದು ಗುರುತಿಸಿ ಬರುತ್ತಾರೆ. ಬ್ಯಾಂಕ್ ಪರೀಕ್ಷೆಗಳ ಅನುಮಾನದ ಪ್ರಶ್ನೆಗಳಲ್ಲಿ ‘ಬಹುಶಃ ನಿಜ’, ‘ಬಹುಶಃ ಸುಳ್ಳು’ ಎಂಬ ಮೆಟ್ಟಿಲುಗಳೂ ಇರುತ್ತವೆ. ತೀರ್ಮಾನದ ಪ್ರಶ್ನೆಯಲ್ಲಿ ಆ ಮೆಟ್ಟಿಲುಗಳಿಲ್ಲ. ಬಹುಶಃ ನಿಜ ಎಂಬುದೂ ಅಲ್ಲಿ ‘ಹೊರಡುವುದಿಲ್ಲ’ ಎಂಬ ಕಡೆಗೇ ಸೇರುತ್ತದೆ.

ಇನ್ನು ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸೋಣ.

ಹೇಳಿಕೆ: ಬಡಾವಣೆಯಲ್ಲಿ ನೀರಿನ ಬಿಲ್ ಬಾಕಿ ಉಳಿಸಿಕೊಂಡಿದ್ದ ಮನೆಗಳಿಗೆ ಮಾತ್ರ ಸಂಪರ್ಕ ಕಡಿತದ ನೋಟಿಸ್ ಕಳುಹಿಸಲಾಗಿದೆ.
ತೀರ್ಮಾನ 1: ಬಾಕಿ ಉಳಿಸಿಕೊಂಡಿದ್ದ ಎಲ್ಲ ಮನೆಗಳಿಗೂ ನೋಟಿಸ್ ಹೋಗಿದೆ.
ತೀರ್ಮಾನ 2: ನೋಟಿಸ್ ಹೋದ ಎಲ್ಲ ಮನೆಗಳಲ್ಲೂ ಬಾಕಿ ಇತ್ತು.

ಇಲ್ಲಿ ಮಾತು ಎರಡು ಸಂಗತಿಗಳ ಬಗ್ಗೆ ಇದೆ, ಬಾಕಿ ಮತ್ತು ನೋಟಿಸ್. ಪ್ರತಿಯೊಂದೂ ಇರಬಹುದು, ಇಲ್ಲದಿರಬಹುದು. ಹಾಗಾಗಿ ಬಡಾವಣೆಯ ಯಾವುದೇ ಮನೆ ನಾಲ್ಕು ಖಾನೆಗಳಲ್ಲಿ ಒಂದಕ್ಕೆ ಸೇರಲೇಬೇಕು. ಬಾಕಿ ಇತ್ತು, ನೋಟಿಸ್ ಬಂತು. ಬಾಕಿ ಇತ್ತು, ನೋಟಿಸ್ ಬರಲಿಲ್ಲ. ಬಾಕಿ ಇರಲಿಲ್ಲ, ನೋಟಿಸ್ ಬಂತು. ಬಾಕಿಯೂ ಇರಲಿಲ್ಲ, ನೋಟಿಸೂ ಬರಲಿಲ್ಲ. ರಫ್ ಶೀಟಿನಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದರೆ ಈ ನಾಲ್ಕೂ ಸಿಗುತ್ತವೆ.

ಈಗ ಕೇಳಬೇಕಾದ್ದು ಒಂದೇ: ಹೇಳಿಕೆ ಈ ನಾಲ್ಕರಲ್ಲಿ ಯಾವ ಖಾನೆಯನ್ನು ಮುಚ್ಚುತ್ತದೆ? ‘ಬಾಕಿ ಇದ್ದವರಿಗೆ ಮಾತ್ರ’ ಎಂದಾಗ ಬಾಕಿ ಇಲ್ಲದೆ ನೋಟಿಸ್ ಬಂದ ಮನೆ ಇರಲಾರದು. ಮೂರನೆಯ ಖಾನೆ ಮುಚ್ಚಿತು, ಅದರ ಮೇಲೆ ಗುಣಿಸು ಚಿಹ್ನೆ ಹಾಕಿ. ಎರಡನೆಯ ಖಾನೆಯ ಬಗ್ಗೆ, ಅಂದರೆ ಬಾಕಿ ಇದ್ದೂ ನೋಟಿಸ್ ಬರದ ಮನೆಗಳ ಬಗ್ಗೆ, ಹೇಳಿಕೆ ತುಟಿ ಬಿಚ್ಚಿಲ್ಲ. ಅದು ತೆರೆದೇ ಇದೆ.

ಮೊದಲ ತೀರ್ಮಾನ ಯಾವಾಗ ಸುಳ್ಳಾಗುತ್ತದೆ? ಬಾಕಿ ಇದ್ದೂ ನೋಟಿಸ್ ಬರದ ಒಂದು ಮನೆ ಸಿಕ್ಕರೆ, ಅಂದರೆ ಎರಡನೆಯ ಖಾನೆಯಲ್ಲಿ ಒಬ್ಬರಿದ್ದರೆ. ಆ ಖಾನೆ ತೆರೆದಿದೆ. ನೂರು ರೂಪಾಯಿ ಬಾಕಿ ಇದ್ದವರನ್ನು ಬಿಟ್ಟು ಸಾವಿರ ದಾಟಿದವರಿಗೆ ಮಾತ್ರ ನೋಟಿಸ್ ಕಳುಹಿಸಿರಬಹುದು. ಹೇಳಿಕೆ ಆಗಲೂ ನಿಜವೇ, ತೀರ್ಮಾನ ಮಾತ್ರ ಸುಳ್ಳು. ಹಾಗಾಗಿ ಅದು ಹೊರಡುವುದಿಲ್ಲ. ಎರಡನೆಯ ತೀರ್ಮಾನ ಸುಳ್ಳಾಗಬೇಕಾದರೆ ಬಾಕಿ ಇಲ್ಲದ, ಆದರೆ ನೋಟಿಸ್ ಬಂದ ಮನೆ ಬೇಕು. ಅದು ಮೂರನೆಯ ಖಾನೆ, ಮುಚ್ಚಿ ಹೋಗಿದೆ. ಸುಳ್ಳಾಗಲು ದಾರಿಯೇ ಇಲ್ಲದ್ದರಿಂದ ತೀರ್ಮಾನ ಹೊರಡುತ್ತದೆ. ಉತ್ತರ: ಎರಡನೆಯದು ಮಾತ್ರ.

ಈ ಪ್ರಶ್ನೆಯಲ್ಲಿ ಇನ್ನೆರಡು ಸೂಕ್ಷ್ಮಗಳಿವೆ. ನೋಟಿಸ್ ಕಳುಹಿಸಲಾಗಿದೆ ಎಂದು ಹೇಳಿಕೆ ಹೇಳಿರುವುದರಿಂದ ಮೊದಲ ಖಾನೆ ಖಾಲಿ ಇರಲಾರದು. ‘ಬಾಕಿ ಇದ್ದ ಕೆಲವು ಮನೆಗಳಿಗಾದರೂ ನೋಟಿಸ್ ಹೋಗಿದೆ’ ಎಂಬ ತೀರ್ಮಾನ ಕೊಟ್ಟಿದ್ದರೆ ಅದೂ ಹೊರಡುತ್ತಿತ್ತು. ಹಾಗೆಯೇ ಎರಡನೆಯ ತೀರ್ಮಾನದಲ್ಲಿ ‘ಬಾಕಿ ಇತ್ತು’ ಎಂಬಲ್ಲಿ ‘ಈಗಲೂ ಬಾಕಿ ಇದೆ’ ಎಂದು ಬರೆದಿದ್ದರೆ ಉತ್ತರ ಬದಲಾಗುತ್ತಿತ್ತು. ನೋಟಿಸ್ ನೋಡಿದ ಮಾರನೇ ದಿನವೇ ಕಟ್ಟಿದವರು ಇರಬಹುದಲ್ಲ. ಕಾಲ ಬದಲಾದರೆ ಖಾನೆಯೇ ಬದಲಾಗುತ್ತದೆ. ಪ್ರಶ್ನೆ ತೆಗೆಯುವವರು ಈ ಜಾಗವನ್ನು ಚೆನ್ನಾಗಿ ಬಲ್ಲರು.

‘ಮಾತ್ರ’ ಎಂಬ ಪದ ದಿಕ್ಕನ್ನು ತಿರುಗಿಸುತ್ತದೆ ಎಂಬುದೇ ಈ ವಿಭಾಗದಲ್ಲಿ ಅತಿ ಹೆಚ್ಚು ಅಂಕ ತಿನ್ನುವ ಸಂಗತಿ. ‘ಶುಲ್ಕ ಕಟ್ಟಿದ ಹೊರತು ಹಾಲ್ ಟಿಕೆಟ್ ಸಿಗುವುದಿಲ್ಲ’ ಎಂಬುದೂ ಇದೇ ಜಾತಿ. ಹಾಲ್ ಟಿಕೆಟ್ ಸಿಕ್ಕಿದೆ ಎಂದರೆ ಶುಲ್ಕ ಕಟ್ಟಿದ್ದಾರೆ ಎನ್ನಬಹುದು. ಶುಲ್ಕ ಕಟ್ಟಿದವರಿಗೆಲ್ಲ ಹಾಲ್ ಟಿಕೆಟ್ ಸಿಕ್ಕಿದೆ ಎನ್ನುವಂತಿಲ್ಲ, ಅರ್ಜಿಯಲ್ಲಿ ಫೋಟೊ ಸರಿಯಿಲ್ಲದೆ ತಿರಸ್ಕೃತವಾಗಿರಬಹುದು. ನಮ್ಮ ನ್ಯಾಯಶಾಸ್ತ್ರದವರು ಈ ದಿಕ್ಕಿನ ಪ್ರಶ್ನೆಯನ್ನು ಬಹಳ ಹಿಂದೆಯೇ ಕೂಲಂಕಷವಾಗಿ ಚರ್ಚಿಸಿದ್ದಾರೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ಅವರ ಪ್ರಸಿದ್ಧ ಉದಾಹರಣೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎಂದು ತಿರುಗಿಸಬಾರದು ಎಂಬುದಕ್ಕೆ ಅವರು ಕೊಟ್ಟದ್ದು ಕಾಯಿಸಿ ಕೆಂಪಾದ ಕಬ್ಬಿಣದ ಗುಂಡು. ಅಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು ಎಂದು ಸೇರಿಸಿ, ಎಲ್ಲಿ ಎಡವಿದೆವು ಎಂಬುದನ್ನೂ ಅವರು ತೋರಿಸಿದ್ದಾರೆ. ತೀರ್ಮಾನವನ್ನು ಒಡೆಯಲು ಒಂದೇ ಒಂದು ಎದುರು ಉದಾಹರಣೆ ಸಾಕು ಎಂಬ ಈ ಪದ್ಧತಿಯೇ ನಮ್ಮ ನಾಲ್ಕು ಖಾನೆಯ ಕೆಲಸದಲ್ಲೂ ಇರುವುದು.

ಕೋಚಿಂಗ್‌ಗಳಲ್ಲಿ ಬಹಳ ಓಡಾಡುವ ಇನ್ನೊಂದು ದಾರಿಯೆಂದರೆ ಪದ ನೋಡಿ ಉತ್ತರ ಹೇಳುವುದು. ‘ಎಲ್ಲ’, ‘ಮಾತ್ರ’, ‘ಯಾವಾಗಲೂ’, ‘ಖಂಡಿತ’ ಎಂದು ತೀರ್ಮಾನದಲ್ಲಿ ಇದ್ದರೆ ತಪ್ಪು, ‘ಕೆಲವು’, ‘ಬಹುದು’ ಎಂದು ಇದ್ದರೆ ಸರಿ. ಇದಕ್ಕೆ ಆಧಾರವೇ ಇಲ್ಲ ಎನ್ನಲಾಗದು. ಹೆಚ್ಚು ಹೇಳುವ ತೀರ್ಮಾನ ಸುಳ್ಳಾಗುವ ಅವಕಾಶ ಹೆಚ್ಚು, ಕಡಿಮೆ ಹೇಳುವುದು ಸುಲಭವಾಗಿ ನಿಲ್ಲುತ್ತದೆ. ಆದರೆ ಮೇಲಿನ ನೋಟಿಸ್ ಪ್ರಶ್ನೆಯ ಎರಡೂ ತೀರ್ಮಾನಗಳಲ್ಲಿ ‘ಎಲ್ಲ’ ಇತ್ತು. ಪದ ನೋಡಿ ಹೋದವನು ಎರಡನ್ನೂ ತಳ್ಳಿಹಾಕಿ ‘ಎರಡೂ ಇಲ್ಲ’ ಎಂದು ಗುರುತಿಸಿ ಬಂದಿರುತ್ತಾನೆ. ಪದದ ಸೂತ್ರವನ್ನು ಮೊದಲ ಗುಮಾನಿಯಾಗಿ ಇಟ್ಟುಕೊಳ್ಳಬಹುದು, ತೀರ್ಪಾಗಿ ಅಲ್ಲ. ತೀರ್ಮಾನ ಎಷ್ಟು ಬಲವಾಗಿದೆ ಎಂಬುದೊಂದೇ ಮುಖ್ಯವಲ್ಲ, ಹೇಳಿಕೆಯ ಬಲಕ್ಕಿಂತ ಅದು ಹೆಚ್ಚಾಯಿತೇ ಎಂಬುದು ಮುಖ್ಯ.

ಪ್ರಮಾಣದ ಪದಗಳಲ್ಲಿ ‘ಕೆಲವು’ ಎಂದರೆ ತರ್ಕದಲ್ಲಿ ಕನಿಷ್ಠ ಒಂದು ಎಂದಷ್ಟೇ ಅರ್ಥ. ಎಲ್ಲವೂ ಆಗಿರುವ ಸಾಧ್ಯತೆಯನ್ನು ಅದು ತಳ್ಳಿಹಾಕುವುದಿಲ್ಲ. ಮಾತಿನಲ್ಲಿ ನಾವು ‘ಕೆಲವರು ಬಂದಿದ್ದಾರೆ’ ಎಂದರೆ ‘ಉಳಿದವರು ಬಂದಿಲ್ಲ’ ಎಂದೂ ಕೇಳಿಸುತ್ತದೆ. ಪರೀಕ್ಷೆಯಲ್ಲಿ ಹಾಗೆ ಕೇಳಿಸಿಕೊಳ್ಳಬಾರದು. ಬ್ಯಾಂಕ್ ಪರೀಕ್ಷೆಗಳು ಬಳಸುವ ‘ಕೆಲವೇ ಕೆಲವು’ ಎಂಬುದು ಬೇರೆ. ಅಲ್ಲಿ ಕೆಲವು ಹೌದು, ಕೆಲವು ಅಲ್ಲ, ಎರಡೂ ಒಳಗಿರುತ್ತವೆ. ‘ಬಹುತೇಕ’ ಎಂಬುದಕ್ಕೆ ಮಾತ್ರ ನಮ್ಮ ಪುಸ್ತಕಗಳು ಸಾಕಷ್ಟು ಜಾಗ ಕೊಡುವುದಿಲ್ಲ, ಅದು ಕೊರತೆಯೇ. ತರಗತಿಯ ಬಹುತೇಕ ಮಕ್ಕಳಿಗೆ ತುಳು ಬರುತ್ತದೆ, ಅದೇ ತರಗತಿಯ ಬಹುತೇಕ ಮಕ್ಕಳಿಗೆ ಕೊಂಕಣಿಯೂ ಬರುತ್ತದೆ ಎಂದು ಹೇಳಿಕೆ ಇದೆ ಎನ್ನಿ. ಕೆಲವರಿಗಾದರೂ ಎರಡೂ ಬರುತ್ತವೆ ಎಂಬ ತೀರ್ಮಾನ ಹೊರಡುತ್ತದೆಯೇ? ಹೊರಡುತ್ತದೆ. ಹತ್ತು ಮಕ್ಕಳಿದ್ದರೆ ಬಹುತೇಕ ಎಂದರೆ ಕನಿಷ್ಠ ಆರು. ಆರು ಮತ್ತು ಆರು ಕೂಡಿದರೆ ಹನ್ನೆರಡು, ಇರುವವರು ಹತ್ತೇ. ಇಬ್ಬರಾದರೂ ಎರಡು ಕಡೆಯೂ ಎಣಿಕೆಗೆ ಸಿಕ್ಕಲೇಬೇಕು. ‘ಬಹುತೇಕ’ದ ಜಾಗದಲ್ಲಿ ‘ಅನೇಕ’ ಎಂದಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ತೀರ್ಮಾನ ಬಿದ್ದುಹೋಗುತ್ತದೆ.

ಶೇಕಡಾವಾರು ಪ್ರಶ್ನೆಯೂ ಇದೇ ಮನೆತನದ್ದು. ‘ಈ ವರ್ಷ ಪಾಸಾದವರ ಪ್ರಮಾಣ ಕಳೆದ ವರ್ಷಕ್ಕಿಂತ ಹೆಚ್ಚಿದೆ’ ಎಂಬ ಹೇಳಿಕೆಯಿಂದ ಪಾಸಾದವರ ಸಂಖ್ಯೆ ಹೆಚ್ಚಿದೆ ಎಂದು ಹೇಳಲಾಗದು. ಕಳೆದ ವರ್ಷ 500 ಮಂದಿಯಲ್ಲಿ ಶೇ 60 ಎಂದರೆ 300. ಈ ವರ್ಷ 400 ಮಂದಿಯಲ್ಲಿ ಶೇ 70 ಎಂದರೆ 280. ಪ್ರಮಾಣ ಏರಿದೆ, ಸಂಖ್ಯೆ ಇಳಿದಿದೆ. ಇಂಥ ಜಾಗದಲ್ಲಿ ಯೋಚಿಸುತ್ತ ಕೂರುವುದಕ್ಕಿಂತ ಸುಲಭದ ಒಂದೆರಡು ಸಂಖ್ಯೆ ಹಾಕಿ ನೋಡುವುದು ಬೇಗ ಮುಗಿಯುತ್ತದೆ.

‘ಒಂದು ಅಥವಾ ಎರಡು’ ಎಂಬ ಆಯ್ಕೆಗೆ ಬಂದರೆ, ಅದನ್ನು ಸಂಶಯ ಬಂದಾಗ ಗುರುತಿಸುವ ಆಯ್ಕೆ ಎಂದು ತಿಳಿದವರು ಬಹಳ ಮಂದಿ. ಅದಕ್ಕೆ ಕಟ್ಟುನಿಟ್ಟಾದ ಷರತ್ತುಗಳಿವೆ. ಎರಡೂ ತೀರ್ಮಾನ ಬಿಡಿಬಿಡಿಯಾಗಿ ಹೊರಡಬಾರದು, ಆದರೆ ಎರಡರಲ್ಲಿ ಒಂದಂತೂ ನಿಜವಾಗಲೇಬೇಕು. ‘ಮಳೆ ಬಂದರೆ ಪಂದ್ಯ ಮುಂದಕ್ಕೆ ಹೋಗುತ್ತದೆ. ಪಂದ್ಯ ಮುಂದಕ್ಕೆ ಹೋಗಿದೆ.’ ತೀರ್ಮಾನ 1, ಮಳೆ ಬಂದಿದೆ. ತೀರ್ಮಾನ 2, ಮಳೆ ಬಂದಿಲ್ಲ. ಮಳೆಯೇ ಕಾರಣ ಎನ್ನಲಾಗದು, ಅಲ್ಲ ಎನ್ನಲೂ ಆಗದು. ಎರಡರಲ್ಲಿ ಒಂದು ಮಾತ್ರ ಸತ್ಯ, ಮೂರನೆಯ ದಾರಿ ಇಲ್ಲ. ಇಲ್ಲಿ ‘ಒಂದು ಅಥವಾ ಎರಡು’ ಸರಿ. ಈಗ ಇನ್ನೊಂದು ಜೋಡಿ ನೋಡಿ: ‘ಈರುಳ್ಳಿ ದರ ಏರಿದೆ’, ‘ಈರುಳ್ಳಿ ದರ ಇಳಿದಿದೆ.’ ಕೇಳಲು ಇವು ಪೂರ್ತಿ ಎದುರುಬದುರು. ಆದರೆ ದರ ಇದ್ದಲ್ಲೇ ಇರಬಹುದು. ಮೂರನೆಯ ದಾರಿ ಇರುವುದರಿಂದ ‘ಎರಡೂ ಇಲ್ಲ’ ಎಂಬುದೇ ಉತ್ತರ. ನ್ಯಾಯವಾಕ್ಯದ ಪ್ರಶ್ನೆಗಳಲ್ಲಿ ಹೀಗೆ ಜೋಡಿಯಾಗುವುದು ‘ಕೆಲವು ಮೇಜು ಕುರ್ಚಿಗಳು’ ಮತ್ತು ‘ಯಾವ ಮೇಜೂ ಕುರ್ಚಿಯಲ್ಲ’ ಎಂಬಂಥವು, ಅಥವಾ ‘ಎಲ್ಲ ಮೇಜುಗಳೂ ಕುರ್ಚಿಗಳು’ ಮತ್ತು ‘ಕೆಲವು ಮೇಜು ಕುರ್ಚಿಗಳಲ್ಲ’ ಎಂಬಂಥವು. ‘ಎಲ್ಲ’ ಮತ್ತು ‘ಯಾವುದೂ ಅಲ್ಲ’ ಜೋಡಿಯಾಗುವುದಿಲ್ಲ, ನಡುವೆ ಅರ್ಧಂಬರ್ಧದ ಸ್ಥಿತಿ ಉಳಿಯುತ್ತದೆ.

ಗದ್ಯದ ಹೇಳಿಕೆಗಳಲ್ಲಿ ಕಾರಣದ ಮಾತು ದೊಡ್ಡ ಬಲೆ. ‘ತಾಲ್ಲೂಕಿನ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದ ವರ್ಷವೇ ಹಾಜರಾತಿ ಏರಿತು’ ಎಂದು ಹೇಳಿಕೆ ಕೊಟ್ಟು, ‘ಮೊಟ್ಟೆಯಿಂದ ಹಾಜರಾತಿ ಏರಿತು’ ಎಂದು ತೀರ್ಮಾನ ಬರೆದಿರುತ್ತಾರೆ. ಮನಸ್ಸು ತಕ್ಷಣ ಹೌದು ಎನ್ನುತ್ತದೆ, ಆಗಬೇಕಾದ್ದೂ ಹಾಗೇ ಎಂದು ನಮಗೆ ಅನಿಸುತ್ತದೆ. ಆದರೆ ಹೇಳಿಕೆ ಹೇಳಿದ್ದು ಎರಡೂ ಒಂದೇ ವರ್ಷ ಆದವು ಎಂದು ಮಾತ್ರ. ಅದೇ ವರ್ಷ ಊರಿಗೆ ಶಾಲೆಯ ಹೊತ್ತಿಗೆ ಬಸ್ಸು ಬಂದಿರಬಹುದು. ‘ಮೊಟ್ಟೆ ನಿಲ್ಲಿಸಿದರೆ ಹಾಜರಾತಿ ಇಳಿಯುತ್ತದೆ’ ಎಂಬುದು ಇನ್ನೂ ಒಂದು ಹೆಜ್ಜೆ ದೂರ. ಅನುಮಾನದ ಪ್ರಶ್ನೆಯಾಗಿದ್ದರೆ ಮೊದಲನೆಯದಕ್ಕೆ ‘ಬಹುಶಃ ನಿಜ’ ಎನ್ನಬಹುದಿತ್ತು. ಇಲ್ಲಿ ಎರಡೂ ಹೊರಡುವುದಿಲ್ಲ. ಹೇಳಿಕೆಯಲ್ಲೇ ‘ಕಾರಣದಿಂದ’, ‘ಪರಿಣಾಮವಾಗಿ’, ‘ಇದರಿಂದಾಗಿ’ ಎಂಬ ಮಾತು ಇದ್ದರೆ ಮಾತ್ರ ಕಾರಣವನ್ನು ತೀರ್ಮಾನಕ್ಕೆ ಒಯ್ಯಬಹುದು.

ಇಲ್ಲಿಯವರೆಗಿನದ್ದು ಗಟ್ಟಿ ನೆಲ. ಇನ್ನು ಮೆತ್ತನೆಯ ನೆಲಕ್ಕೆ ಬರಬೇಕು, ಏಕೆಂದರೆ ಕೀ ಉತ್ತರಗಳು ಒಂದಕ್ಕೊಂದು ಹೊಂದದೆ ಇರುವುದು ಇಲ್ಲೇ. ಆರ್. ಎಸ್. ಅಗರ್ವಾಲ್ ಅವರ ರೀಸನಿಂಗ್ ಪುಸ್ತಕ ಇಲ್ಲದ ಓದುವ ಕೋಣೆ ಧಾರವಾಡದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ ಸಿಗುವುದು ಕಷ್ಟ. ಬ್ಯಾಂಕ್ ಪರೀಕ್ಷೆಯವರು ಎಂ. ಕೆ. ಪಾಂಡೆ ಅವರ ‘ಅನಲಿಟಿಕಲ್ ರೀಸನಿಂಗ್’ ಹಿಡಿಯುತ್ತಾರೆ. ಪುಸ್ತಕಗಳು, ಮಾಕ್ ಟೆಸ್ಟ್ ಸರಣಿಗಳು, ಹಳೆಯ ಪ್ರಶ್ನೆಪತ್ರಿಕೆಗಳು ಇವನ್ನೆಲ್ಲ ಎದುರು ಬದುರು ಇಟ್ಟು ಓದಿದವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಸಂಖ್ಯೆ, ಪ್ರಮಾಣ, ‘ಮಾತ್ರ’, ‘ಹೊರತು’ ಇರುವ ಪ್ರಶ್ನೆಗಳಲ್ಲಿ ಭಿನ್ನಾಭಿಪ್ರಾಯ ಬಹಳ ಕಡಿಮೆ. ‘ಬೇಕು’ ಎಂಬ ತೀರ್ಮಾನ ಬಂದಾಗ ಮತ್ತು ಹೇಳದೆ ಉಳಿದ ಮಾತನ್ನು ಹೇಳಿದಂತೆ ತಿಳಿಯುವಾಗ ಭಿನ್ನಾಭಿಪ್ರಾಯ ಹೆಚ್ಚು.

ಆಸ್ತಿ ತೆರಿಗೆಯ ಹೇಳಿಕೆಗೇ ಮರಳೋಣ. 30ರೊಳಗೆ ಇಡೀ ವರ್ಷದ ತೆರಿಗೆ ಕಟ್ಟುವವರಿಗೆ ಶೇ 5 ರಿಯಾಯಿತಿ. ತೀರ್ಮಾನ: ಗಡುವು ಮುಗಿದ ಮೇಲೆ ಕಟ್ಟುವವರಿಗೆ ಈ ರಿಯಾಯಿತಿ ಸಿಗುವುದಿಲ್ಲ. ಖಾನೆ ಹಾಕಿ ನೋಡಿದರೆ ಇದು ಹೊರಡುವುದಿಲ್ಲ. ‘ಕಟ್ಟುವವರಿಗೆ ಮಾತ್ರ’ ಎಂದು ಹೇಳಿಕೆ ಹೇಳಿಲ್ಲ, ಗಡುವು ಮುಂದಕ್ಕೆ ಹೋಗಲೂಬಹುದು. ಆದರೆ ಗಡುವು ಎಂಬ ಮಾತಿಗೆ ಅರ್ಥ ಬರುವುದೇ ಅದರ ಆಚೆ ಸೌಲಭ್ಯ ಇಲ್ಲದಾಗ ಎಂದು ವಾದಿಸಿ ‘ಹೊರಡುತ್ತದೆ’ ಎಂದು ಕೊಡುವ ಕೀಗಳೂ ಇವೆ. ‘ಬೇಕು’ ವಿಷಯದಲ್ಲೂ ಹೀಗೇ. ಹೇಳಿಕೆ ಒಂದು ಸಂಗತಿಯನ್ನು ಹೇಳುತ್ತದೆ, ತೀರ್ಮಾನ ಅದರಿಂದ ಸಲಹೆ ತೆಗೆಯುತ್ತದೆ. ‘ಹೆಲ್ಮೆಟ್ ಧರಿಸಿದವರಲ್ಲಿ ತಲೆಗೆ ಪೆಟ್ಟಾಗುವುದು ಕಡಿಮೆ’ ಎಂಬುದರಿಂದ ‘ಹೆಲ್ಮೆಟ್ ಕಡ್ಡಾಯ ಮಾಡಬೇಕು’ ಎಂಬುದು ತರ್ಕದಿಂದ ಹೊರಡುವುದಿಲ್ಲ. ಪೆಟ್ಟು ತಪ್ಪಿಸುವುದು ಸರ್ಕಾರದ ಹೊಣೆ ಎಂಬ ಇನ್ನೊಂದು ಮಾತು ಜೊತೆಗೆ ಬೇಕು. ಕಾನೂನು ಒಳ್ಳೆಯದು ಎಂಬುದು ಬೇರೆ ವಿಷಯ.

ಇಂಥ ಪ್ರಶ್ನೆಗಳಲ್ಲಿ ನನ್ನ ನಿಲುವು ಇದು. ಎದುರಿಸುತ್ತಿರುವ ಪರೀಕ್ಷೆಯ ಹಳೆಯ ಪತ್ರಿಕೆಗಳಿಂದ, ಆ ಸಂಸ್ಥೆಯೇ ಪ್ರಕಟಿಸಿದ ಅಂತಿಮ ಕೀ ಜೊತೆಗೆ, ಈ ಎರಡು ಜಾತಿಯ ಪ್ರಶ್ನೆಗಳನ್ನು ಮಾತ್ರ ಹೆಕ್ಕಿ ಒಂದು ಕಡೆ ಬರೆದಿಟ್ಟುಕೊಳ್ಳಬೇಕು. ಆ ಸಂಸ್ಥೆ ಮಾತಿನ ರೂಢಿಯ ಅರ್ಥವನ್ನು ಒಪ್ಪುತ್ತದೆಯೋ ಕಟ್ಟುನಿಟ್ಟಿನ ತರ್ಕವನ್ನೋ ಎಂಬುದು ಅಲ್ಲಿ ಕಾಣುತ್ತದೆ. ಖಾಸಗಿ ಮಾಕ್ ಟೆಸ್ಟ್‌ನ ಕೀಗೆ ಆ ತೂಕ ಕೊಡಬಾರದು. ಅಲ್ಲಿ ತಪ್ಪು ಬಂದಾಗ ಸರಿಯಾದ ತರ್ಕವನ್ನೇ ತಿದ್ದಿಕೊಂಡುಬಿಡುವ ಅಪಾಯವಿದೆ. ಸಿಸ್ಯಾಟ್‌ನ ದಾರಿ ಸ್ವಲ್ಪ ಬೇರೆ. ಅಲ್ಲಿ ಒಂದು ಗದ್ಯಭಾಗ ಕೊಟ್ಟು ‘ಅತ್ಯಂತ ತಾರ್ಕಿಕ’ ಅನುಮಾನ ಯಾವುದು ಎಂದು ಕೇಳುವುದು ಹೆಚ್ಚು. ನಾಲ್ಕೂ ಆಯ್ಕೆ ಪೂರ್ತಿ ಹೊರಡದೇ ಇರಬಹುದು, ಆಗ ಗದ್ಯಕ್ಕೆ ಅತಿ ಕಡಿಮೆ ಸೇರಿಸಿದ ಆಯ್ಕೆಯನ್ನು ಹಿಡಿಯಬೇಕಾಗುತ್ತದೆ. 80 ಪ್ರಶ್ನೆಗೆ ಎರಡು ಗಂಟೆ, ಅಂದರೆ ಪ್ರಶ್ನೆಗೆ 90 ಸೆಕೆಂಡು. ಎನ್‌ಟಿಪಿಸಿಯ ಮೊದಲ ಹಂತದಲ್ಲಿ 100 ಪ್ರಶ್ನೆಗೆ 90 ನಿಮಿಷ, ಪ್ರಶ್ನೆಗೆ 54 ಸೆಕೆಂಡು. ಆ 54 ಸೆಕೆಂಡಿನಲ್ಲಿ ಖಾನೆ ಎಳೆಯುವುದು ಮೊದಲು ಅಸಾಧ್ಯ ಅನಿಸುತ್ತದೆ. ಕಾಗದದ ಮೇಲೆ ಎಳೆದು ಎಳೆದು ರೂಢಿಯಾದ ಮೇಲೆ ತಲೆಯಲ್ಲೇ ಯಾವ ಖಾನೆ ತೆರೆದಿದೆ ಎಂದು ಕಾಣತೊಡಗುತ್ತದೆ, ಗೆರೆ ಬೇಕಾಗುವುದು ಜಟಿಲವಾದ ಕೆಲವಕ್ಕೆ ಮಾತ್ರ.

ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ ಇನ್ನೊಂದು ತೊಡಕಿದೆ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದವೆಂದು ಅಭ್ಯರ್ಥಿಗಳು ಹೋರಾಡಿದ ಮೇಲೆ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಮರುಪರೀಕ್ಷೆಯ ಅನುವಾದದ ಮೇಲೂ ದೂರು ಬಂತು. ಇತಿಹಾಸದ ಪ್ರಶ್ನೆಯಲ್ಲಿ ಒಂದು ಪದ ಕೆಟ್ಟರೂ ಹೆಸರು, ಇಸವಿ ನೋಡಿ ದಾರಿ ಹುಡುಕಬಹುದು. ಹೇಳಿಕೆ–ತೀರ್ಮಾನದಲ್ಲಿ ಒಂದು ಪ್ರತ್ಯಯ ಕೆಟ್ಟರೆ ಉತ್ತರವೇ ಬೇರೆಯಾಗುತ್ತದೆ. ‘ಎಲ್ಲ ಅರ್ಜಿದಾರರೂ ಅರ್ಹರಲ್ಲ’ ಎಂಬ ವಾಕ್ಯ ನೋಡಿ. ಒಬ್ಬರೂ ಅರ್ಹರಲ್ಲ ಎಂದೂ ಆಗುತ್ತದೆ, ಎಲ್ಲರೂ ಅರ್ಹರೇನಲ್ಲ, ಕೆಲವರು ಅಲ್ಲ ಎಂದೂ ಆಗುತ್ತದೆ. ಮೊದಲನೆಯ ಅರ್ಥದಲ್ಲಿ ‘ಅರ್ಹ’ದ ಖಾನೆ ಪೂರ್ತಿ ಮುಚ್ಚುತ್ತದೆ, ಎರಡನೆಯದರಲ್ಲಿ ತೆರೆದಿರುತ್ತದೆ. ಮಾತನಾಡುವಾಗ ದನಿಯಿಂದ ಬೇರ್ಪಡಿಸುತ್ತೇವೆ, ಅಚ್ಚಿನಲ್ಲಿ ಆ ದನಿ ಇಲ್ಲ. ‘ಮಾತ್ರ’ ಎಂಬುದು ಎಲ್ಲಿ ಕೂತಿದೆ ಎಂಬುದೂ ಹಾಗೇ. ‘ಪದವೀಧರರು ಮಾತ್ರ ಅರ್ಜಿ ಹಾಕಬಹುದು’ ಮತ್ತು ‘ಪದವೀಧರರು ಅರ್ಜಿ ಮಾತ್ರ ಹಾಕಬಹುದು’ ಎರಡೂ ಮುಚ್ಚುವ ಖಾನೆಗಳು ಬೇರೆ ಬೇರೆ. ಎರಡು ಭಾಷೆಯಲ್ಲಿ ಅಚ್ಚಾದ ಪತ್ರಿಕೆಯಲ್ಲಿ ಎಲ್ಲ ಪ್ರಶ್ನೆಗಳನ್ನೂ ಎರಡು ಸಲ ಓದಲು ಸಮಯವಿಲ್ಲ. ಆದರೆ ‘ಎಲ್ಲ–ಅಲ್ಲ’, ‘ಮಾತ್ರ’, ‘ಹೊರತು’, ‘ಕೆಲವೇ’ ಕಂಡಲ್ಲಿ ಇಂಗ್ಲಿಷ್ ಸಾಲಿನ ಮೇಲೆ ಕಣ್ಣಾಡಿಸಲೇಬೇಕು. ಎರಡೂ ಹೊಂದದಿದ್ದರೆ ಯಾವ ಭಾಷೆಯ ಪಾಠ ಅಂತಿಮ ಎಂದು ಮೊದಲ ಪುಟದ ಸೂಚನೆಯಲ್ಲಿ ಬರೆದಿದೆಯೇ ಎಂಬುದನ್ನು ಪರೀಕ್ಷೆ ಶುರುವಾಗುವ ಮುನ್ನವೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ನೆಗೆಟಿವ್ ಅಂಕದ ಲೆಕ್ಕ ಈ ಪ್ರಶ್ನೆಗಳಲ್ಲಿ ಅಭ್ಯರ್ಥಿಯ ಪರವಾಗಿಯೇ ಇದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ನಾಲ್ಕು ಆಯ್ಕೆ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ ಎಂದಿಟ್ಟುಕೊಳ್ಳಿ. ಕಣ್ಣುಮುಚ್ಚಿ ಗುರುತಿಸಿದರೆ ದೀರ್ಘಾವಧಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಾಲ್ಕರಲ್ಲಿ ಒಂದು ಸಲ ಒಂದು ಅಂಕ ಬರುತ್ತದೆ, ಮೂರು ಸಲ ಸೇರಿ ಒಂದು ಅಂಕ ಹೋಗುತ್ತದೆ. ಆದರೆ ‘1 ಮಾತ್ರ, 2 ಮಾತ್ರ, ಎರಡೂ, ಎರಡೂ ಇಲ್ಲ’ ಎಂಬ ಆಯ್ಕೆಗಳಲ್ಲಿ ಒಂದು ತೀರ್ಮಾನವನ್ನು ಖಚಿತವಾಗಿ ನಿರ್ಧರಿಸಿದರೆ ಸಾಕು, ಎರಡು ಆಯ್ಕೆ ಒಮ್ಮೆಗೇ ಬಿದ್ದುಹೋಗುತ್ತವೆ. ಒಂದನೆಯದು ಹೊರಡುವುದಿಲ್ಲ ಎಂದು ತಿಳಿದರೆ ‘1 ಮಾತ್ರ’ ಮತ್ತು ‘ಎರಡೂ’ ಹೋದವು. ಉಳಿದ ಎರಡರಲ್ಲಿ ಸುಮ್ಮನೆ ಒಂದನ್ನು ಹಿಡಿದರೂ ಸರಾಸರಿ ಮೂರನೇ ಒಂದು ಅಂಕ ಕೈಗೆ ಬರುತ್ತದೆ. ಹಾಗಾಗಿ ಒಂದು, ಎರಡು ಎಂಬ ಕ್ರಮದಲ್ಲಿ ಹೋಗಬೇಕಿಲ್ಲ. ಸುಲಭವಾಗಿ ಒಡೆಯುವ ತೀರ್ಮಾನವನ್ನು ಮೊದಲು ಎತ್ತಿಕೊಳ್ಳಬೇಕು. ಅದು ಸಾಮಾನ್ಯವಾಗಿ ಹೆಚ್ಚು ಹೇಳುವ ತೀರ್ಮಾನ, ಅದಕ್ಕೆ ಎದುರು ಉದಾಹರಣೆ ಬೇಗ ಹೊಳೆಯುತ್ತದೆ. ಐದನೆಯ ಆಯ್ಕೆಯಾಗಿ ‘ಒಂದು ಅಥವಾ ಎರಡು’ ಇದ್ದರೆ, ಎರಡು ತೀರ್ಮಾನಗಳ ನಡುವೆ ಮೂರನೆಯ ದಾರಿ ಇದೆಯೇ ಎಂದು ಒಂದು ಕ್ಷಣ ನೋಡಿದರೆ ಅದೂ ತೀರುತ್ತದೆ. ಎರಡೂ ತೀರ್ಮಾನ ಮಂಜುಮಂಜಾಗಿಯೇ ಉಳಿದರೆ ಮಾತ್ರ ಬಿಟ್ಟು ಮುಂದೆ ಹೋಗುವುದು ಸರಿ.

ಮನೆಯಲ್ಲಿ ಅಭ್ಯಾಸ ಮಾಡುವಾಗ ‘ಹೊರಡುವುದಿಲ್ಲ’ ಎಂದು ಗುರುತಿಸಿದ ಪ್ರತಿ ತೀರ್ಮಾನದ ಪಕ್ಕದಲ್ಲಿ ಅದನ್ನು ಸುಳ್ಳು ಮಾಡುವ ಸಂದರ್ಭವನ್ನು ಒಂದು ಸಾಲಿನಲ್ಲಿ ಬರೆಯಬೇಕು: ‘ನೂರು ರೂಪಾಯಿ ಬಾಕಿಯವರಿಗೆ ನೋಟಿಸ್ ಇಲ್ಲ’, ‘ಅದೇ ವರ್ಷ ಬಸ್ಸು ಬಂತು’ ಎಂಬ ಹಾಗೆ. ಆ ಸಾಲು ಬರೆಯಲು ಆಗದಿದ್ದರೆ ‘ಹೊರಡುವುದಿಲ್ಲ’ ಎಂಬ ಉತ್ತರವನ್ನು ಮತ್ತೆ ನೋಡಬೇಕು. ಪರೀಕ್ಷೆ ಮುಗಿದು ತಾತ್ಕಾಲಿಕ ಕೀ ಬಂದ ಮೇಲೂ ಇದೇ ಸಾಲು ಕೆಲಸಕ್ಕೆ ಬರುತ್ತದೆ. ರೈಲ್ವೆ, ಎಸ್‌ಎಸ್‌ಸಿ, ಕೆಪಿಎಸ್‌ಸಿ ಎಲ್ಲವೂ ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಕೊಡುತ್ತವೆ. ‘ಕೀ ತಪ್ಪಿದೆ’ ಎಂದಷ್ಟೇ ಬರೆದ ಆಕ್ಷೇಪಣೆಯಲ್ಲಿ ತಜ್ಞರಿಗೆ ಪರಿಶೀಲಿಸಲು ಏನೂ ಇರುವುದಿಲ್ಲ. ಹೇಳಿಕೆಯನ್ನು ಪೂರ್ತಿ ಒಪ್ಪಿ, ಅದು ನಿಜವಾಗಿಯೇ ಇದ್ದು ತೀರ್ಮಾನ ಮಾತ್ರ ಸುಳ್ಳಾಗುವ ಸಂದರ್ಭವನ್ನು ಎರಡು ವಾಕ್ಯದಲ್ಲಿ ಬರೆದು, ಜೊತೆಗೆ ಕನ್ನಡ–ಇಂಗ್ಲಿಷ್ ಪಾಠಗಳಲ್ಲಿ ವ್ಯತ್ಯಾಸವಿದ್ದರೆ ಆ ಪದಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಆಕ್ಷೇಪಣೆಗೆ ಅವರು ಉತ್ತರ ಹುಡುಕಲೇಬೇಕಾಗುತ್ತದೆ.